ಹೊಸ ಕೆಲಸದ ಪೋಸ್ಟಿನಲ್ಲಿ ಹಳೆಯ ಮಾಲೀಕರಿಗೆ ಚುಚ್ಚುವ ಮಾತು

ಮಡಿಕೇರಿಯ ಹೋಮ್‌ಸ್ಟೇ ಬಿಟ್ಟವರೊಬ್ಬರು, “ಕೊನೆಗೂ ನನ್ನ ದುಡಿಮೆಗೆ ಬೆಲೆ ಕೊಡುವ, ಸಮಯಕ್ಕೆ ಸಂಬಳ ಕೊಡುವ ಜಾಗ ಸಿಕ್ಕಿತು” ಎಂದು ಬರೆದರೆ, ಹೆಸರು ಹೇಳದಿದ್ದರೂ ನಮ್ಮ ಪುಟ್ಟ ಜಿಲ್ಲೆಯಲ್ಲಿ ಅದು ಯಾರ ಮೇಲಿನ ದೂರೆಂದು ಸಂಜೆಯೊಳಗೆ ತಿಳಿಯುತ್ತದೆ. ಇಲ್ಲಿ “ಕೊನೆಗೂ” ಎಂಬುದನ್ನೂ ಹಳೆಯ ಜಾಗದೊಡನೆ ಹೋಲಿಸುವ ವಿಶೇಷಣಗಳನ್ನೂ ತೆಗೆದು, ಮಾಡಿದ ಕೆಲಸವನ್ನಷ್ಟೇ ಹೇಳಬೇಕು: “ಮೂರು ವರ್ಷ ಹೋಮ್‌ಸ್ಟೇಯ ಬುಕಿಂಗ್ ಮತ್ತು ಅತಿಥಿಗಳ ಊಟೋಪಚಾರ ನೋಡಿಕೊಂಡೆ, ಈ ತಿಂಗಳಿನಿಂದ ವಿರಾಜಪೇಟೆಯಲ್ಲಿ ಕಾಫಿ ತೋಟವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ.”

ಮೊದಲಿನ ವಾಕ್ಯವನ್ನು ಹಾಗೆಯೇ ಬಿಟ್ಟು ಕೆಳಗೆ “ಹಳೆಯ ಮಾಲೀಕರಿಗೂ ಧನ್ಯವಾದಗಳು” ಎಂದು ಸೇರಿಸಿದರೆ ಚುಚ್ಚು ಇನ್ನಷ್ಟು ಹರಿತವಾಗುತ್ತದೆ. ಬಾಕಿ ಸಂಬಳ ನಿಜವಾಗಿಯೂ ಬರಬೇಕಿದ್ದರೆ, ತಿಂಗಳು ಮತ್ತು ಮೊತ್ತ ನಮೂದಿಸಿ ಅವರಿಗೇ ಪತ್ರ ಬರೆಯುವುದು ಸೂಕ್ತ. ಈ ಪೋಸ್ಟನ್ನು ವಾಟ್ಸಾಪ್‌ನಲ್ಲಿ ಹಾಕುವುದಾದರೆ ಕಳುಹಿಸುವ ಮೊದಲೇ ತಿದ್ದಿಕೊಳ್ಳಬೇಕು, ಏಕೆಂದರೆ ಅಲ್ಲಿ ಕಳುಹಿಸಿದ ಸಂದೇಶವನ್ನು ತಿದ್ದಲು 15 ನಿಮಿಷ ಮಾತ್ರ ಅವಕಾಶವಿದೆ.