ಹಾರ್ಡ್ ಅನ್ನಬೇಕಾ, ಹಾರ್ಡ್ಲಿ ಅನ್ನಬೇಕಾ?

ಇಂಗ್ಲಿಷ್ ವಾಕ್ಯದಲ್ಲಿ ‘ಹಾರ್ಡ್ಲಿ’ ಬರೆಯುವ ಮೊದಲು ಆ ಜಾಗದಲ್ಲಿ ಕನ್ನಡದ ‘ಇಲ್ಲವೇ ಇಲ್ಲ ಅನ್ನೋ ಹಾಗೆ’ ಇಟ್ಟು ನೋಡಿ. ಅರ್ಥ ಕೂಡಿಬಂದರೆ ಹಾರ್ಡ್ಲಿ ಸರಿ. ನಿಮ್ಮ ಮನಸ್ಸಿನಲ್ಲಿರುವುದು ‘ಕಷ್ಟಪಟ್ಟು’ ಅಥವಾ ‘ಜೋರಾಗಿ’ ಆಗಿದ್ದರೆ ಬರೀ ‘ಹಾರ್ಡ್’ ಸಾಕು. ‘ಹಿ ವರ್ಕ್ಸ್ ಹಾರ್ಡ್’ ಅಂದರೆ ಮೈಮುರಿದು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸವನ್ನೇ ಮಾಡಲ್ಲ ಅನ್ನೋ ಹಾಗೆ. ಶಿಫಾರಸು ಪತ್ರದಲ್ಲಿ ಎರಡನೆಯದು ಬಂದರೆ ಹೊಗಳಲು ಹೋಗಿ ಬೈದಂತೆ, ಅಲ್ವಾ? ಹಳೆಯ ಇಂಗ್ಲಿಷಿನಲ್ಲಿ ಇಂಥ ಕ್ರಿಯಾವಿಶೇಷಣಗಳ ಕೊನೆಗೆ ‘ಎ’ ತರಹದ ಒಂದು ಸ್ವರ ಇರುತ್ತಿತ್ತು. ಅದು ಸವೆದು ಹೋಗಿ ಗುಣವಾಚಕದ ರೂಪವೇ ಉಳಿಯಿತು. ಜೊತೆಗಿದ್ದ ‘ಲಿ’ ರೂಪ ನಿಧಾನಕ್ಕೆ ಬೇರೆ ಅರ್ಥ ಹಿಡಿಯಿತು. ಲೇಟ್ ಕೂಡ ಹೀಗೇ: ‘ಕೇಮ್ ಲೇಟ್’ ಅಂದರೆ ತಡವಾಗಿ ಬಂದರು, ‘ಲೇಟ್ಲಿ’ ಅಂದರೆ ಇತ್ತೀಚೆಗೆ. ‘ಫಾಸ್ಟ್ಲಿ’ಯನ್ನು ಮಾತ್ರ ಸುಮ್ನೆ ಮರೆತುಬಿಡಿ, ಇವತ್ತಿನ ಇಂಗ್ಲಿಷಿನಲ್ಲಿ ಅದು ಚಲಾವಣೆಯಲ್ಲಿಲ್ಲ. ಈ ಉಪಾಯ ಎಲ್ಲ ಜೋಡಿಗೂ ಹೊಂದುವುದಿಲ್ಲ. ‘ಡ್ರೈವ್ ಸ್ಲೋ’, ‘ಡ್ರೈವ್ ಸ್ಲೋಲಿ’ ಎರಡರ ಅರ್ಥವೂ ಒಂದೇ, ಬರವಣಿಗೆಯಲ್ಲಿ ಸ್ಲೋಲಿ ಜಾಸ್ತಿ ಒಪ್ಪುತ್ತದೆ. ಹಾರ್ಡ್ ಕ್ರಿಯಾಪದದ ನಂತರ, ಹಾರ್ಡ್ಲಿ ಮೊದಲು ಅಂತ ಜಾಗ ನೋಡಿಯೇ ತೀರ್ಮಾನಿಸುವವರೂ ಇದ್ದಾರೆ. ಅದು ಬಹುತೇಕ ಸರಿ, ಆದರೆ ‘ಹಾರ್ಡ್ ಹಿಟ್’ನಲ್ಲಿ ಕೈಕೊಡುತ್ತದೆ. ಬರದಿಂದ ಒಂದು ಊರು ‘ವಾಸ್ ಹಾರ್ಡ್ ಹಿಟ್’ ಅಂದರೆ ಜೋರಾದ ಪೆಟ್ಟು ಬಿದ್ದಿದೆ ಅಂತ. ಅಲ್ಲಿ ಹಾರ್ಡ್ಲಿ ಹಾಕಿದರೆ ಆ ಊರಿಗೆ ಬರ ತಟ್ಟಲೇ ಇಲ್ಲ ಅನ್ನೋ ಹಾಗಾಗುತ್ತದೆ.