ಐದು ನಿಮಿಷದ ವಿಡಿಯೊಗೆ ಸ್ಕ್ರಿಪ್ಟ್: ದಡಾರದ ಲಸಿಕೆ ಮೈಯೊಳಗೆ ಏನು ಮಾಡುತ್ತದೆ?

ಲಸಿಕೆ ರೋಗನಿರೋಧಕ ಶಕ್ತಿಯನ್ನು ಹೇಗೆ ತಯಾರು ಮಾಡುತ್ತದೆ ಎಂದು ಐದು ನಿಮಿಷದಲ್ಲಿ ಹೇಳಬೇಕು. ಎಲ್ಲ ಲಸಿಕೆಗಳನ್ನೂ ತುರುಕಲು ಹೋದರೆ ಯಾವುದೂ ತಲೆಗೆ ಹತ್ತುವುದಿಲ್ಲ. ಒಂದನ್ನೇ ಹಿಡಿಯಿರಿ. ನನ್ನ ಆಯ್ಕೆ ದಡಾರ-ರುಬೆಲ್ಲಾ ಚುಚ್ಚುಮದ್ದು, ಅದರಲ್ಲೂ ದಡಾರದ ಭಾಗ ಮಾತ್ರ. ಮಾತು 450 ಪದ ದಾಟದಿರಲಿ. ಚಿತ್ರ ನೋಡಲೂ ಬಿಡುವು ಬೇಕು, ಅಲ್ವಾ?

ಮೊದಲ ನಿಮಿಷ. ತಾಯಂದಿರು ಕೇಳುವ ಪ್ರಶ್ನೆಯಿಂದಲೇ ಶುರು ಮಾಡಿ: "ಸೂಜಿ ಹಾಕಿಸಿ ವಾರ ಆಯ್ತು, ಈಗ ಯಾಕೆ ಜ್ವರ?" ಮದ್ದಿನಲ್ಲಿರುವುದು ಜೀವಂತ ದಡಾರ ವೈರಸ್, ಆದರೆ ಬಲ ಕುಗ್ಗಿಸಿದ್ದು. ಅದು ಮೈಯೊಳಗೆ ಸ್ವಲ್ಪ ಬೆಳೆಯಬೇಕು. ಆದ್ದರಿಂದಲೇ ಕೆಲವು ಮಕ್ಕಳಿಗೆ 7ರಿಂದ 12 ದಿನಗಳ ನಡುವೆ ಜ್ವರ ಬರುತ್ತದೆ.

ಎರಡು ಮತ್ತು ಮೂರನೇ ನಿಮಿಷ. ಸ್ಕ್ರಿಪ್ಟಿನ ಜೀವ ಇಲ್ಲಿದೆ. ಕಾವಲು ಕೋಶಗಳು ವೈರಸ್ಸಿನ ಚೂರುಗಳನ್ನು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೋಗುತ್ತವೆ. ಅಲ್ಲಿ ರೋಗ ತಡೆಯುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಬಿ ಕೋಶಗಳು ಅಸಂಖ್ಯವಾಗಿ ಬಂದುಹೋಗುತ್ತಿರುತ್ತವೆ. ಒಂದೊಂದರ ಮೇಲೂ ಒಂದೊಂದು ಆಕಾರದ ಹಿಡಿ. ದಡಾರದ ವೈರಸ್ಸಿಗೆ ಹೊಂದುವ ಹಿಡಿ ಇರುವ ಕೋಶ ಸಿಕ್ಕರೆ, ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಟಿ ಕೋಶ ಒಪ್ಪಿಗೆ ಕೊಡುತ್ತದೆ, ಆಗ ಆ ಬಿ ಕೋಶ ಮರಿ ಹಾಕಲು ತೊಡಗುತ್ತದೆ. ಮರಿಗಳಲ್ಲಿ ಚೂರುಪಾರು ವ್ಯತ್ಯಾಸ ಇರುತ್ತದೆ. ಚೆನ್ನಾಗಿ ಹಿಡಿಯುವುವು ಉಳಿಯುತ್ತವೆ, ಉಳಿದವು ಸಾಯುತ್ತವೆ. ರೈತ ಒಳ್ಳೆಯ ರಾಗಿ ತೆನೆ ಆರಿಸಿ ಬಿತ್ತನೆಗೆ ಇಟ್ಟಂತೆ. ಆಯ್ದುಬಂದ ಕೆಲವು ಕೋಶಗಳು ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯ ತಯಾರಿಸುತ್ತವೆ, ಕೆಲವು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಕಾಯುತ್ತವೆ.

ದಯವಿಟ್ಟು ಸೈನಿಕರ ಕವಾಯತು ತೋರಿಸಬೇಡಿ. ನೋಡಿದವರು ಒಂದೊಂದು ಕೋಶವೂ ಪಾಠ ಕಲಿಯುತ್ತದೆ ಅಂದುಕೊಳ್ಳುತ್ತಾರೆ. ನಡೆಯುವುದು ಆಯ್ಕೆ. ಪರದೆ ತುಂಬ ಬೇರೆ ಬೇರೆ ಆಕಾರ ತೋರಿಸಿ, ಒಂದು ಹೊಂದಲಿ, ಮಿಕ್ಕವು ಮಸುಕಾಗಲಿ. ಸಾಕು.

ಮುಂದೆ ಅಸಲಿ ವೈರಸ್ ಬಂದರೆ? ಲಸಿಕೆ ಪಡೆಯದ ಮೈಯಲ್ಲಿ ಸುಮಾರು 10 ದಿನಕ್ಕೆ ಜ್ವರ ಕಾಣಿಸಿಕೊಳ್ಳುತ್ತದೆ. ಲಸಿಕೆ ಪಡೆದ ಮೈಯಲ್ಲಿ ಪ್ರತಿಕಾಯಗಳು ಆಗಲೇ ಸಿದ್ಧವಿರುತ್ತವೆ. ನೆನಪಿನ ಕೋಶಗಳೂ ಬೇಗ ಏಳುತ್ತವೆ.

ನಾಲ್ಕನೇ ನಿಮಿಷ. ಎರಡನೇ ಡೋಸನ್ನು ಸುಮ್ನೆ "ಬೂಸ್ಟರ್" ಅಂದುಬಿಡಬೇಡಿ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಡೋಸ್ ಕೊಡುವ ಒಂಬತ್ತನೇ ತಿಂಗಳಲ್ಲೂ ಕೆಲವು ಮಕ್ಕಳಲ್ಲಿ ಉಳಿದಿರುತ್ತವೆ. ಅವು ಮದ್ದಿನ ವೈರಸ್ಸನ್ನು ಬೆಳೆಯಲು ಬಿಡುವುದಿಲ್ಲ. ಹಾಗಾಗಿ ಆ ವಯಸ್ಸಿನಲ್ಲಿ 100ರಲ್ಲಿ ಸುಮಾರು 85 ಮಕ್ಕಳಿಗಷ್ಟೇ ರಕ್ಷಣೆ ಸಿಗುತ್ತದೆ. ನಮ್ಮಲ್ಲಿ 16ರಿಂದ 24 ತಿಂಗಳೊಳಗೆ ಕೊಡುವ ಡೋಸು ಮುಖ್ಯವಾಗಿ ಮೊದಲ ಡೋಸಿನಿಂದ ರಕ್ಷಣೆ ಸಿಗದ ಮಕ್ಕಳಿಗೆ ಇನ್ನೊಂದು ಅವಕಾಶ. ಇದೇ ಮಾತನ್ನು ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಗೆ ಅಂಟಿಸಬೇಡಿ. ಅದರಲ್ಲಿ ಜೀವಂತ ರೋಗಾಣು ಇಲ್ಲ. ಅಲ್ಲಿ ಡೋಸಿನಿಂದ ಡೋಸಿಗೆ ಶಕ್ತಿ ಏರಬೇಕು.

ಕೊನೆಯ ನಿಮಿಷ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವ ಮಗುವಿಗೆ ಜೀವಂತ ಲಸಿಕೆ ಕೊಡಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಬೇಕು ಎಂದು ಹೇಳಿ. ಜ್ವರ ಜಾಸ್ತಿಯಾದರೆ ಅಥವಾ ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಎಂದೂ ಸೇರಿಸಿ.

ಚಿತ್ರೀಕರಣಕ್ಕೆ ಮೊದಲು ಸ್ಕ್ರಿಪ್ಟನ್ನು ಪಕ್ಕದ ಮನೆಯವರಿಗೆ ಓದಿ ಹೇಳಿ, "ಎರಡನೇ ಡೋಸ್ ಯಾಕೆ?" ಎಂದು ಕೇಳಿ. "ಮೊದಲಿನದರ ಪವರ್ ಇಳಿಯುತ್ತೆ, ಅದಕ್ಕೆ" ಎಂದರೆ ನಾಲ್ಕನೇ ನಿಮಿಷವನ್ನು ಮತ್ತೆ ಬರೆಯಿರಿ.