ಮೂರೇ ಸಂಖ್ಯೆಗೆ ಫ್ಲೋಚಾರ್ಟ್ ಯಾಕೆ ಬರೆದೆ: ನನ್ನ ಅನುಭವ

"ಮೂರು ಸಂಖ್ಯೆಯಲ್ಲಿ ದೊಡ್ಡದನ್ನು ಹುಡುಕೋಕೆ ಚಿತ್ರ ಬೇರೆ ಬೇಕಾ?" ಎಂದು ಜೊತೆಯವರು ಕೇಳಿದ್ದರು. ಆಗ ನಾನು ಆಗಲೇ ಒಂದು ಪೆಟ್ಟು ತಿಂದಿದ್ದೆ. ಮೂರು ಪರೀಕ್ಷೆಗಳಲ್ಲಿ ಹೆಚ್ಚು ಬಂದ ಅಂಕವನ್ನು ಆರಿಸುವ, ಹಣಕ್ಕೆ ಒಪ್ಪಿಕೊಂಡ ಸಣ್ಣ ಕೆಲಸ ಅದು. ಐದು ನಿಮಿಷದಲ್ಲಿ ಬರೆದು ಕೊಟ್ಟಿದ್ದೆ:

```python
if a > b and a > c:
    print(a)
elif b > a and b > c:
    print(b)
else:
    print(c)
```

ನಾನು ಹಾಕಿ ನೋಡಿದ್ದಕ್ಕೆಲ್ಲ ಸರಿಯಾಗಿ ಬಂತು. ಆದರೆ ಒಬ್ಬರ ಅಂಕ 18, 18, 12. ಉತ್ತರ ಬಂದಿದ್ದು 12! ಎರಡು 18 ಸಮ ಇರುವುದರಿಂದ ಮೊದಲ ಎರಡೂ ಷರತ್ತು ಸುಳ್ಳಾಗಿ, ನೇರ `else`ಗೆ ಇಳಿದಿತ್ತು. ಅಂಕಪಟ್ಟಿಯ ಸುಮಾರು ಮುನ್ನೂರು ಸಾಲುಗಳನ್ನು ಮತ್ತೆ ಪರಿಶೀಲಿಸಿ ಕೊಟ್ಟೆ. ಕೊನೆಯ ಕಂತಿನ ಹಣ ಮಾತ್ರ ಬರಲಿಲ್ಲ.

ಆಮೇಲೆ ಫ್ಲೋಚಾರ್ಟ್ ಬರೆಯಲು ಕಾಗದ ಹಿಡಿದೆ. ಅದರಲ್ಲಿ ಪ್ರಶ್ನೆಯನ್ನು ಡೈಮಂಡ್ ಆಕಾರದೊಳಗೆ ಬರೆಯುತ್ತಾರೆ. ನಾನು ಇಟ್ಟುಕೊಂಡ ನಿಯಮ ಇಷ್ಟೇ: ಒಂದು ಡೈಮಂಡ್‌ನಲ್ಲಿ ಒಂದೇ ಹೋಲಿಕೆ, ಅದರಿಂದ 'ಹೌದು', 'ಇಲ್ಲ' ಎರಡು ಬಾಣ. `and` ಬರೆಯುವಂತಿಲ್ಲ. ಮೊದಲು `a > b`? ಹೌದಾದರೆ `a > c`? ಇಲ್ಲವಾದರೆ `b > c`? ಒಟ್ಟು ಮೂರು ಡೈಮಂಡ್, ನಾಲ್ಕು ತುದಿ. ಈಗ 18, 18, 12 ಹಾಕಿ ಬೆರಳಿಟ್ಟು ನಡೆಯಿರಿ. `a > b` ಇಲ್ಲ. `b > c` ಹೌದು. ಉತ್ತರ 18. ಸಮ ಬಂದರೆ 'ಇಲ್ಲ' ಬಾಣದಲ್ಲಿ ಹೋಗುತ್ತದೆ, ಅಲ್ಲಿ ಕಾಯುತ್ತಿರುವುದು `b`. ಎರಡೂ ಸಮ ಇರುವಾಗ `a` ಬಿಟ್ಟುಹೋದರೆ ನಷ್ಟವೇನಿಲ್ಲ, ಅಲ್ವಾ?

ಸಮ ಬರುವುದನ್ನೂ ಸೇರಿಸಿದರೆ ಮೂರು ಸಂಖ್ಯೆಗಳು 13 ರೀತಿಯಲ್ಲಿ ಕೂರಬಹುದು. 1, 2, 3 ಬಳಸಿ ಆ ಹದಿಮೂರನ್ನೂ ಚಿತ್ರದ ಮೇಲೆ ನಡೆಸಿದೆ. ಹೆಚ್ಚೆಂದರೆ ಹತ್ತು ನಿಮಿಷ ಹಿಡಿಯಿತು. ಒಂದೂ ತಪ್ಪಲಿಲ್ಲ. ಚಿತ್ರ ಬೇಕಾ ಎಂದು ಕೇಳಿದವರ ಕೋಡ್‌ಗೂ ಅದೇ ಹದಿಮೂರನ್ನು ಹಾಕಿದೆ. ಅವರದೂ ನನ್ನ ಹಳೆಯ ಕೋಡ್ ಥರವೇ ಇತ್ತು, ಸಮ ಬಂದ ಕಡೆ ಸಿಕ್ಕಿಬಿತ್ತು. ಈಗ ಅವರೂ ಚಿತ್ರ ಬರೆಯುತ್ತಾರೆ.

ಇದೇ ಹುರುಪಿನಲ್ಲಿ ಐದು ಸಂಖ್ಯೆಗೆ ಬರೆಯಲು ಹೋದೆ. ನಾಲ್ಕಕ್ಕೇ 7 ಡೈಮಂಡ್, ಐದಕ್ಕೆ 15. ಹಾಳೆಯಲ್ಲಿ ಜಾಗವೇ ಸಾಲಲಿಲ್ಲ. ಆದರೆ ಮೂರರ ಚಿತ್ರದಲ್ಲೇ `c` ಎರಡು ತುದಿಯಲ್ಲಿ ಬಂದಿತ್ತು. ಅದನ್ನು ಒಂದಾಗಿಸಲು ಹೋದಾಗ ಸೂಡೋಕೋಡ್ ತಾನಾಗಿ ಸಿಕ್ಕಿತು:

```
ದೊಡ್ಡದು = a
b > ದೊಡ್ಡದು ಆದರೆ, ದೊಡ್ಡದು = b
c > ದೊಡ್ಡದು ಆದರೆ, ದೊಡ್ಡದು = c
ದೊಡ್ಡದು ಮುದ್ರಿಸು
```

ಐದಕ್ಕೆ ಇನ್ನೆರಡು ಸಾಲು ಸೇರಿಸಿದರೆ ಸಾಕು. ಮೊದಲ ಸಾಲಿನಲ್ಲಿ ಸುಮ್ನೆ 0 ಇಟ್ಟು ನೋಡಿದ್ದೆ. -4, -9, -2 ಕೊಟ್ಟಾಗ ಉತ್ತರ 0 ಬಂತು, ಪಟ್ಟಿಯಲ್ಲೇ ಇಲ್ಲದ ಸಂಖ್ಯೆ. ಹಾಗಾಗಿ ಅಲ್ಲಿ `a` ಇಡಲೇಬೇಕು.

ಮಧ್ಯದ ಸಂಖ್ಯೆಯನ್ನೂ ಹೀಗೇ ಹುಡುಕಿದ್ದೇನೆ. ಅದಕ್ಕೆ ಬಾಣಗಳನ್ನು ಎಣಿಸುವ ನನ್ನದೇ ಒಂದು ಉಪಾಯ ಇದೆ. ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.